ಹಾಲಿನ ರೂಟಿನಿಂದ ಬಿಡಿಭಾಗಗಳ ರೂಟಿಗೆ: ಉದ್ಯಮ ಬದಲಿಸುವವರು ಕವರ್ ಲೆಟರ್ ಬರೆಯುವ ಕ್ರಮ

ಬೆಳಿಗ್ಗೆ ಏಳರ ಸುಮಾರಿಗೆ ಕೋಲಾರ–ಬೆಂಗಳೂರು ಹೆದ್ದಾರಿಯಲ್ಲಿ ನರಸಾಪುರದ ಹತ್ತಿರ ನಿಂತು ನೋಡಿದರೆ, ಹಳ್ಳಿಯ ಡೇರಿಗಳಿಂದ ಕ್ಯಾನು ತುಂಬಿಕೊಂಡು ಬರುವ ಹಾಲಿನ ಗಾಡಿಯೂ ಕೈಗಾರಿಕಾ ಪ್ರದೇಶದೊಳಗೆ ಬಿಡಿಭಾಗ ಹೊತ್ತು ಹೋಗುವ ಲಾರಿಯೂ ಒಂದರ ಹಿಂದೊಂದು ಸಾಗುವುದು ಕಾಣುತ್ತದೆ. ವಾಹನ ತಯಾರಿಕೆಯ ಉದ್ಯಮದಲ್ಲಿ ಒಂದೇ ಲಾರಿ ಗೊತ್ತುಪಡಿಸಿದ ಸಮಯಕ್ಕೆ ಹಲವು ಪೂರೈಕೆದಾರರ ಬಾಗಿಲಿಗೆ ಹೋಗಿ, ಖಾಲಿ ಪೆಟ್ಟಿಗೆಗಳನ್ನು ಇಳಿಸಿ, ಪ್ರತಿಯೊಬ್ಬರಿಂದ ಸ್ವಲ್ಪ ಸ್ವಲ್ಪ ಸರಕು ಎತ್ತಿಕೊಂಡು ಕಾರ್ಖಾನೆಗೆ ಬರುವ ಪದ್ಧತಿಗೆ ‘ಮಿಲ್ಕ್ ರನ್’ ಎಂದೇ ಹೆಸರು. ಹಾಲಿನವರ ಸುತ್ತಿನಿಂದ ಎರವಲು ಪಡೆದ ಹೆಸರು ಅದು. ಹೀಗಿದ್ದೂ, ಹನ್ನೊಂದು ವರ್ಷ ನಿಜವಾದ ಹಾಲಿನ ರೂಟು ನಡೆಸಿದ ಮೇಲ್ವಿಚಾರಕರೊಬ್ಬರು ಬಿಡಿಭಾಗಗಳ ಕಾರ್ಖಾನೆಯ ಸಾಗಾಟ ವಿಭಾಗಕ್ಕೆ ಅರ್ಜಿ ಹಾಕಿದಾಗ, ಅವರ ಕವರ್ ಲೆಟರಿನಲ್ಲಿ ಈ ನಂಟಿನ ಸುಳಿವೂ ಇರಲಿಲ್ಲ.

ನಾನು ಬಹುಕಾಲ ಕಾರ್ಖಾನೆಗಳ ಸ್ಟೋರ್ಸ್ ಮತ್ತು ಸಾಗಾಟ ವಿಭಾಗಗಳಲ್ಲಿದ್ದು ಇಂಥ ಅರ್ಜಿಗಳನ್ನು ಓದಿದವನಾದ್ದರಿಂದ ಅವರು ತಮ್ಮ ಪತ್ರವನ್ನು ನನಗೆ ತೋರಿಸಿದರು. ಅದನ್ನು ಇಬ್ಬರೂ ಕೂತು ತಿದ್ದಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಗುರುತು ಸಿಗಬಾರದೆಂದು ಅಂಕಿಗಳನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ರೇಷ್ಮೆ ವ್ಯಾಪಾರದಿಂದ ಬ್ಯಾಂಕಿಗೆ, ಶಾಲೆಯಿಂದ ತರಬೇತಿ ಸಂಸ್ಥೆಗೆ ಹೊರಟವರಿಗೂ ಈ ಹೆಜ್ಜೆಗಳು ಒದಗುತ್ತವೆ, ಆದರೆ ವಿವರಗಳು ಅವರವರ ಕೆಲಸದಿಂದಲೇ ಬರಬೇಕು.

ಮೊದಲ ಪತ್ರ ಏಕೆ ಸೋತಿತು

ಅವರ ಮೊದಲ ಪತ್ರದ ತಿರುಳು ಇಷ್ಟೇ ಇತ್ತು: “ಹಾಲು ಒಕ್ಕೂಟದ ವ್ಯವಸ್ಥೆಯಲ್ಲಿ ನನಗೆ ಹನ್ನೊಂದು ವರ್ಷಗಳ ಅನುಭವವಿದೆ. ನಾಯಕತ್ವ, ಸಂವಹನ ಮತ್ತು ತಂಡದೊಂದಿಗೆ ದುಡಿಯುವ ಕೌಶಲಗಳಿವೆ. ಹೊಸ ಕ್ಷೇತ್ರವನ್ನು ಬೇಗ ಕಲಿಯಬಲ್ಲೆ. ಒಂದು ಅವಕಾಶ ಕೊಡಬೇಕೆಂದು ಕೋರುತ್ತೇನೆ.”

ಇದರಲ್ಲಿ ಸುಳ್ಳಿಲ್ಲ, ಆದರೆ ಓದುವವನಿಗೆ ಬೇಕಾದದ್ದೂ ಇಲ್ಲ. ಒಳಬರುವ ಸಾಗಾಟದ ಮೇಲ್ವಿಚಾರಕನನ್ನು ಹುಡುಕುತ್ತಿರುವ ವ್ಯವಸ್ಥಾಪಕನ ತಲೆಯಲ್ಲಿ ಒಂದೇ ಭಯವಿರುತ್ತದೆ: ಯಾವುದೋ ಒಂದು ಸಣ್ಣ ಭಾಗ ಸಮಯಕ್ಕೆ ಬಾರದೆ ಜೋಡಣೆಯ ಲೈನ್ ನಿಂತುಬಿಟ್ಟರೆ ಏನು ಗತಿ? ನಾಯಕತ್ವ, ಸಂವಹನ ಎಂಬ ಮಾತುಗಳು ಆ ಭಯವನ್ನು ಮುಟ್ಟುವುದಿಲ್ಲ, ಏಕೆಂದರೆ ಅವನ್ನು ಪ್ರತಿಯೊಬ್ಬ ಅರ್ಜಿದಾರನೂ ಬರೆದಿರುತ್ತಾನೆ. ಅದೇ ಉದ್ಯಮದಿಂದ ಬಂದವನ ಪತ್ರದಲ್ಲಿ ಇಂಥ ಮಾತುಗಳಿದ್ದರೂ ನಡೆದೀತು, ಅವನ ಹಳೆಯ ಹುದ್ದೆಯ ಹೆಸರೇ ಉಳಿದದ್ದನ್ನು ಹೇಳಿಬಿಡುತ್ತದೆ. ಉದ್ಯಮ ಬದಲಿಸುವವನಿಗೆ ಹುದ್ದೆಯ ಹೆಸರು ಸಹಾಯಕ್ಕೆ ಬರುವುದಿಲ್ಲ. ‘ರೂಟ್ ಮೇಲ್ವಿಚಾರಕ’ ಎಂದರೆ ಕಾರ್ಖಾನೆಯವನ ಕಣ್ಣಿಗೆ ಹಾಲಿನ ಗಾಡಿ ಕಾಣುತ್ತದೆಯೇ ಹೊರತು ತನ್ನ ಕೆಲಸ ಕಾಣುವುದಿಲ್ಲ.

ಮೊದಲ ಹೆಜ್ಜೆ: ಜಾಹೀರಾತನ್ನು ತೊಂದರೆಗಳ ಪಟ್ಟಿಯಾಗಿ ಓದುವುದು

ಜಾಹೀರಾತಿನ ಪ್ರತಿಯೊಂದು ಸಾಲಿನ ಎದುರಿಗೂ ‘ಇದನ್ನು ಯಾರೂ ಮಾಡದಿದ್ದರೆ ಏನಾಗುತ್ತದೆ’ ಎಂದು ಒಂದು ವಾಕ್ಯ ಬರೆದುಕೊಳ್ಳಬೇಕು. ನಮ್ಮ ಮುಂದಿದ್ದ ಜಾಹೀರಾತಿನಲ್ಲಿ ಹನ್ನೆರಡು ಪೂರೈಕೆದಾರರ ಮಿಲ್ಕ್ ರನ್ ನಡೆಸುವುದು, ಲಾರಿಗಳು ಗೊತ್ತಾದ ಅವಧಿಯೊಳಗೆ ಗೇಟಿಗೆ ಬರುವಂತೆ ನೋಡಿಕೊಳ್ಳುವುದು, ಹಿಂತಿರುಗಿಸುವ ಪೆಟ್ಟಿಗೆಗಳ ಲೆಕ್ಕ ಇಡುವುದು, ಸರಕಿನ ಕೊರತೆಯನ್ನು ಮುಂಚಿತವಾಗಿ ತಿಳಿಸುವುದು ಮತ್ತು ಕಂಪ್ಯೂಟರಿನಲ್ಲಿ ಸರಕು ಸ್ವೀಕೃತಿ ದಾಖಲಿಸುವುದು ಎಂದಿತ್ತು. ಕೊನೆಯಲ್ಲಿ, ವಾಹನ ಉದ್ಯಮದ ಅನುಭವವಿದ್ದವರಿಗೆ ಆದ್ಯತೆ ಎಂದಿತ್ತು.

ಎದುರು ಸಾಲುಗಳು ಹೀಗೆ ಬಂದವು. ಲಾರಿ ತಡವಾದರೆ ಲೈನ್ ನಿಲ್ಲುತ್ತದೆ, ಬೇಗ ಬಂದರೂ ಗೇಟಿನಲ್ಲಿ ಸಾಲು ಬೆಳೆಯುತ್ತದೆ. ಖಾಲಿ ಪೆಟ್ಟಿಗೆ ಪೂರೈಕೆದಾರನಿಗೆ ವಾಪಸ್ ಹೋಗದಿದ್ದರೆ ಮರುದಿನ ಅವನು ಭಾಗಗಳನ್ನು ರಟ್ಟಿನ ಡಬ್ಬದಲ್ಲಿ ಕಳಿಸುತ್ತಾನೆ, ಅವು ಗೀರು ಬಿದ್ದು ತಿರಸ್ಕಾರವಾಗುತ್ತವೆ. ಕೊರತೆಯ ಸುದ್ದಿ ಲಾರಿ ಬಂದ ಮೇಲೆ ತಿಳಿದರೆ ಬೇರೆ ದಾರಿ ಹುಡುಕಲು ಸಮಯವೇ ಇರುವುದಿಲ್ಲ.

ಇನ್ನೊಂದನ್ನು ಗಮನಿಸಬೇಕು. ‘ಆದ್ಯತೆ’ ಎಂಬ ಪದಕ್ಕೂ ‘ಕಡ್ಡಾಯ’ ಎಂಬ ಪದಕ್ಕೂ ಬಹಳ ಅಂತರವಿದೆ. ಕಡ್ಡಾಯವೆಂದು ಹೇಳಿದ ವಿದ್ಯಾರ್ಹತೆ ಅಥವಾ ಪರವಾನಗಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಬರೆದ ಪತ್ರವೂ ಮೊದಲ ಸೋಸುವಿಕೆಯಲ್ಲಿ ಬಿದ್ದುಹೋಗುತ್ತದೆ. ಅಂಥ ಕಡೆ ಸಮಯ ಕಳೆಯದಿರುವುದೇ ಲೇಸು. ಆದ್ಯತೆ ಎಂದಿರುವಲ್ಲಿ ಮಾತ್ರ ಪತ್ರಕ್ಕೆ ಕೆಲಸವಿದೆ.

ಎರಡನೆಯ ಹೆಜ್ಜೆ: ಎರಡೇ ಘಟನೆಗಳನ್ನು ಆರಿಸುವುದು

ಇಲ್ಲಿ ಹೆಚ್ಚು ಹೊತ್ತು ಕೂರಬೇಕಾಗುತ್ತದೆ. ಮೊದಲಿಗೆ ಅವರಿಂದ ಬಂದ ಉತ್ತರ “ದಿನಾ ಅದೇ ಕೆಲಸ ಸಾರ್, ಹೇಳೋಕೇನಿದೆ” ಎಂಬುದು. ಅನುಭವಸ್ಥರ ಕಷ್ಟವೇ ಇದು. ಕೈಗೆ ಹತ್ತಿದ ಕೆಲಸ ಅವರಿಗೆ ಕೆಲಸವಾಗಿಯೇ ತೋರುವುದಿಲ್ಲ. ಹಾಗಾಗಿ ನಾನು ಕೌಶಲಗಳನ್ನು ಕೇಳುವುದನ್ನು ಬಿಟ್ಟು, ಯಾವ ದಿನ ಯಾವುದು ಕೆಟ್ಟಿತು ಎಂದು ಕೇಳಿದೆ. ಆಗ ಎರಡು ಸಂಗತಿಗಳು ಹೊರಬಂದವು.

ಒಂದು, ತಡದ ಸಂಗತಿ. ಹದಿನಾಲ್ಕು ಸಂಘಗಳ ಒಂದು ರೂಟಿನ ಬೆಳಗಿನ ಗಾಡಿ ಶೀತಲೀಕರಣ ಕೇಂದ್ರಕ್ಕೆ ಪದೇ ಪದೇ ತಡವಾಗಿ ಬರುತ್ತಿತ್ತು. ಹಸಿ ಹಾಲನ್ನು ಬೇಗ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಣಿಸದಿದ್ದರೆ ಅದು ಹುಳಿಯಾಗುತ್ತದೆ, ಬೇಸಿಗೆಯಲ್ಲಂತೂ ಮೊದಲ ಸಂಘದ ಕ್ಯಾನು ದಾರಿಯಲ್ಲೇ ಕೆಟ್ಟಿರುತ್ತದೆ. ಮಾರುಕಟ್ಟೆಗೆ ಹೋಗುವ ಟೊಮೆಟೊ ಲಾರಿಗಳ ದಟ್ಟಣೆಯೇ ಕಾರಣವೆಂದು ಎಲ್ಲರೂ ನಂಬಿದ್ದರು. ಇವರು ಹದಿನಾಲ್ಕು ದಿನ ಗಾಡಿಯಲ್ಲೇ ಕೂತು, ಪ್ರತಿ ನಿಲುಗಡೆಯಲ್ಲಿ ಬಂದ ಹೊತ್ತು ಮತ್ತು ಹೊರಟ ಹೊತ್ತನ್ನು ಬರೆದುಕೊಂಡರು. ಸರಾಸರಿ 35 ನಿಮಿಷಗಳ ತಡದಲ್ಲಿ 24 ನಿಮಿಷ ಎರಡು ಸಂಘಗಳ ಮುಂದೆ ಕಾಯುವುದರಲ್ಲೇ ಹೋಗುತ್ತಿತ್ತು. ರಸ್ತೆಯ ಪಾಲು 11 ನಿಮಿಷ ಮಾತ್ರ. ಆ ಎರಡು ಸಂಘಗಳಲ್ಲಿ ಹಾಲಿನ ಪರೀಕ್ಷೆ ತಡವಾಗಿ ಶುರುವಾಗುತ್ತಿತ್ತು. ಕಾರ್ಯದರ್ಶಿಗಳೊಡನೆ ಮಾತಾಡಿ ಒಂದು ಸಂಘದ ಬಾಗಿಲನ್ನು 20 ನಿಮಿಷ ಮುಂಚೆ ತೆಗೆಸಿದರು, ಇನ್ನೊಂದನ್ನು ಸುತ್ತಿನ ಕೊನೆಗೆ ಹಾಕಿದರು. ತಿಂಗಳಿಗೆ ಒಂಬತ್ತು ದಿನ ಆಗುತ್ತಿದ್ದ ತಡ ಮುಂದಿನ ಮೂರು ತಿಂಗಳಲ್ಲಿ ಸರಾಸರಿ ಎರಡು ದಿನಕ್ಕೆ ಇಳಿಯಿತು.

ಇನ್ನೊಂದು, ಖಾಲಿ ಕ್ಯಾನುಗಳ ಸಂಗತಿ. 40 ಲೀಟರಿನ ಸುಮಾರು 260 ಕ್ಯಾನುಗಳು ಸುತ್ತುತ್ತಿದ್ದ ರೂಟಿನಲ್ಲಿ ಪ್ರತಿ ತಿಂಗಳೂ ಆರೇಳು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಇವರು ಸಂಘದ ಸಂಖ್ಯೆಯನ್ನು ಕ್ಯಾನಿನ ಕೊರಳಿಗೆ ಬಣ್ಣದಲ್ಲಿ ಬರೆಸಿ, ತುಂಬಿದ ಕ್ಯಾನು ಎತ್ತುವಾಗಲೇ ಇಳಿಸಿದ ಖಾಲಿ ಕ್ಯಾನಿನ ಎಣಿಕೆಗೂ ಚೀಟಿಯಲ್ಲಿ ಸಹಿ ಹಾಕಿಸುವ ಕ್ರಮ ತಂದರು. ಕಳೆಯುವುದು ತಿಂಗಳಿಗೆ ಒಂದಕ್ಕೆ ಬಂತು.

ಇವೆರಡೂ ಜಾಹೀರಾತಿನ ಎರಡು ತೊಂದರೆಗಳಿಗೆ ನೇರವಾಗಿ ಕೂರುತ್ತವೆ: ಒಂದು ಗೇಟಿನ ಸಮಯಕ್ಕೆ, ಇನ್ನೊಂದು ಹಿಂತಿರುಗುವ ಪೆಟ್ಟಿಗೆಗೆ. ಕೊಬ್ಬಿನಂಶದ ಪರೀಕ್ಷೆ, ರೈತರ ಸಭೆ, ಮೇವಿನ ವಿತರಣೆ ಮುಂತಾದ ಇನ್ನೂ ಹತ್ತು ಕೆಲಸಗಳನ್ನು ಅವರು ಹೇಳಿದರು. ಅವನ್ನೆಲ್ಲ ಬಯೋಡಾಟಾಕ್ಕೆ ಕಳಿಸಿದೆವು.

ಮೂರನೆಯ ಹೆಜ್ಜೆ: ಅಂಕಿಯನ್ನು ಜರಡಿ ಹಿಡಿಯುವುದು

ಪತ್ರಕ್ಕೆ ಹೋಗುವ ಪ್ರತಿ ಅಂಕಿಗೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಅದನ್ನು ಹೇಗೆ ಅಳೆದಿರಿ, ಎಷ್ಟು ಕಾಲದ ಅಳತೆ, ಅದರಲ್ಲಿ ನಿಮ್ಮ ಪಾಲೆಷ್ಟು? ಮೂರಕ್ಕೂ ಉತ್ತರವಿಲ್ಲದ ಅಂಕಿ ಸಂದರ್ಶನದಲ್ಲಿ ನಿಮ್ಮನ್ನೇ ಸಿಕ್ಕಿಸುತ್ತದೆ. ಇವರು ಮೊದಲು ‘ಹಾಲು ಕೆಡುವುದನ್ನು ಶೇಕಡಾ 80 ಕಡಿಮೆ ಮಾಡಿದೆ’ ಎಂದು ಬರೆಯಲು ಹೊರಟಿದ್ದರು. ಕೇಳಿದಾಗ, ಅದೇ ಸಮಯದಲ್ಲಿ ಕೇಂದ್ರಕ್ಕೆ ಹೊಸ ಶೀತಲೀಕರಣ ಘಟಕ ಬಂದಿತ್ತೆಂದು ತಿಳಿಯಿತು. ಕೆಡುವುದು ಕಡಿಮೆಯಾದದ್ದರಲ್ಲಿ ಯಂತ್ರದ ಪಾಲೆಷ್ಟು, ಇವರ ಪಾಲೆಷ್ಟು ಎಂದು ಬಿಡಿಸಲಾಗದು. ಆದ್ದರಿಂದ ಅದನ್ನು ಕೈಬಿಟ್ಟು, ತಡದ ದಿನಗಳ ಎಣಿಕೆಯನ್ನಷ್ಟೇ ಉಳಿಸಿಕೊಂಡೆವು. ಶೇಕಡಾವಾರಿಗಿಂತ ‘ಒಂಬತ್ತು ದಿನದಿಂದ ಎರಡಕ್ಕೆ’ ಎಂಬುದು ನಂಬಿಕೆಗೆ ಹತ್ತಿರವೂ ಆಗಿರುತ್ತದೆ. ಖರೀದಿ ದರ, ದಿನದ ಒಟ್ಟು ಸಂಗ್ರಹ ಮುಂತಾದ ಸಂಸ್ಥೆಯ ಒಳಗಿನ ಅಂಕಿಗಳನ್ನು ಹೊರಗೆ ಹಾಕಬಾರದು. ಇಂದು ಅವರ ಗುಟ್ಟನ್ನು ಬರೆದವನು ನಾಳೆ ನಮ್ಮದನ್ನೂ ಬರೆದಾನು ಎಂದು ಓದುವವನು ಲೆಕ್ಕ ಹಾಕುತ್ತಾನೆ.

ನಾಲ್ಕನೆಯ ಹೆಜ್ಜೆ: ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ತಾವೇ ಹೇಳುವುದು

ಉದ್ಯಮ ಬದಲಿಸುವವರ ಪತ್ರಗಳಲ್ಲಿ ನಾನು ಅತಿ ಅಪರೂಪಕ್ಕೆ ಕಂಡದ್ದು ಈ ಭಾಗವನ್ನೇ, ಮತ್ತು ಪತ್ರಕ್ಕೆ ತೂಕ ಬರುವುದೂ ಇದರಿಂದಲೇ. ಎರಡೂ ಕೆಲಸ ಒಂದೇ ಎಂದು ಸಾಧಿಸಲು ಹೋದರೆ, ಹೊಸ ಕ್ಷೇತ್ರವನ್ನು ಬಲ್ಲವನು ಒಂದೇ ವ್ಯತ್ಯಾಸ ತೋರಿಸಿ ಇಡೀ ಪತ್ರವನ್ನು ಪಕ್ಕಕ್ಕಿಡುತ್ತಾನೆ. ವ್ಯತ್ಯಾಸವನ್ನು ನೀವೇ ಹೇಳಿದರೆ ಅವನ ಕ್ಷೇತ್ರವನ್ನು ಅರಿತು ಬರೆದಿದ್ದೀರೆಂದು ತಿಳಿಯುತ್ತದೆ.

ನಮ್ಮ ಸಂದರ್ಭದಲ್ಲಿ ಎರಡು ವ್ಯತ್ಯಾಸಗಳು ಕಂಡವು. ಹಾಲಿನ ರೂಟಿನಲ್ಲಿ ರೈತರು ತಂದಷ್ಟನ್ನೂ, ಪರೀಕ್ಷೆಯಲ್ಲಿ ಪಾಸಾದರೆ, ಎತ್ತಲೇಬೇಕು. ಕಾರ್ಖಾನೆಯ ಮಿಲ್ಕ್ ರನ್‌ನಲ್ಲಿ ಲೈನ್ ಕೇಳಿದಷ್ಟನ್ನು ಮಾತ್ರ ಎತ್ತಬೇಕು; ಹೆಚ್ಚಿಗೆ ತಂದರೂ ತಪ್ಪೇ. ಅಂದರೆ ಅವರಿಗೆ ರೂಢಿಯಾದ ಗುಣವೊಂದನ್ನು, ಸಿಕ್ಕಿದ್ದನ್ನು ಬಿಡದೆ ತುಂಬಿಕೊಂಡು ಬರುವುದನ್ನು, ಮರೆಯಬೇಕಾಗುತ್ತದೆ.

ಎರಡನೆಯದು ಕಾಗದಪತ್ರ. ಹಸಿ ಹಾಲಿಗೆ ಜಿಎಸ್‌ಟಿ ಇಲ್ಲ, ಸರಕು ಸಾಗಿಸುವ ಮೊದಲು ಆನ್‌ಲೈನಿನಲ್ಲಿ ಮಾಡಿಕೊಳ್ಳುವ ಇ-ವೇ ಬಿಲ್ಲೂ ಬೇಕಿಲ್ಲ. ಬಿಡಿಭಾಗಗಳ ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಹಾಲಿನ ಗಾಡಿ ಕೆಟ್ಟು ನಿಂತರೆ ಇವರು ಫೋನ್ ಮಾಡಿ ಬೇರೆ ಗಾಡಿ ತರಿಸಿ ಕ್ಯಾನುಗಳನ್ನು ದಾಟಿಸುತ್ತಿದ್ದರು, ಅಷ್ಟಕ್ಕೇ ಮುಗಿಯುತ್ತಿತ್ತು. ಬಿಡಿಭಾಗಗಳನ್ನು ಹಾಗೆ ದಾಟಿಸಿದರೆ ಮುಂದಕ್ಕೆ ಹೊರಡುವ ಮೊದಲು ಇ-ವೇ ಬಿಲ್ಲಿನ ಎರಡನೆಯ ಭಾಗದಲ್ಲಿ ಹೊಸ ವಾಹನದ ಸಂಖ್ಯೆಯನ್ನು ತಿದ್ದಬೇಕು, ಇಲ್ಲದಿದ್ದರೆ ತಪಾಸಣೆಯಲ್ಲಿ ಸರಕು ಸಿಕ್ಕಿಬೀಳುತ್ತದೆ. ಇದನ್ನು ಅವರು ಸಾಗಾಟದ ಕಂಪನಿಯಲ್ಲಿದ್ದ ಪರಿಚಯದವರ ಪಕ್ಕದಲ್ಲಿ ಎರಡು ಶನಿವಾರ ಕೂತು ನೋಡಿ ಕಲಿತರು. ‘ಬೇಗ ಕಲಿಯಬಲ್ಲೆ’ ಎಂಬ ಮಾತಿನ ಜಾಗದಲ್ಲಿ ಈಗ ಕಲಿತ ಒಂದು ವಿಷಯವೇ ಇತ್ತು.

ಐದನೆಯ ಹೆಜ್ಜೆ: ನಾಲ್ಕು ಪ್ಯಾರಾಗಳಲ್ಲಿ ಬರೆಯುವುದು

ನಮ್ಮ ಕಡೆಯ ಖಾಸಗಿ ಕಾರ್ಖಾನೆಗಳಿಗೆ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಆದರೂ ಮೊದಲು ಕನ್ನಡದಲ್ಲಿ ಬರೆಯಿರಿ ಎನ್ನುತ್ತೇನೆ. ಇಂಗ್ಲಿಷಿನಲ್ಲಿ ನೇರವಾಗಿ ಬರೆಯಲು ಕೂತವರು ಎಲ್ಲೋ ಓದಿದ ಸಿದ್ಧ ವಾಕ್ಯಗಳನ್ನು ಎತ್ತಿ ಹಾಕುತ್ತಾರೆ. ಕನ್ನಡದಲ್ಲಿ ಬರೆದರೆ ಕ್ಯಾನು, ಗಾಡಿ, ನಿಮಿಷ ತಾವಾಗಿ ಬರುತ್ತವೆ. ಇಂಗ್ಲಿಷಿಗೆ ತರುವಾಗ ಒಂದು ಪುಟ ಮೀರಬಾರದು. ನಾವು ಸಿದ್ಧಪಡಿಸಿದ ಕನ್ನಡ ಕರಡು ಹೀಗಿತ್ತು:

> ಮಾನ್ಯರೇ,
>
> ತಮ್ಮ ಒಳಬರುವ ಸಾಗಾಟ ವಿಭಾಗದ ಮೇಲ್ವಿಚಾರಕ ಹುದ್ದೆಗೆ ಈ ಅರ್ಜಿ. ಕಳೆದ ಹನ್ನೊಂದು ವರ್ಷಗಳಿಂದ ಕೋಲಾರ ಜಿಲ್ಲೆಯಲ್ಲಿ ನಾನು ನಡೆಸುತ್ತಿರುವುದು ಹಾಲಿನ ರೂಟುಗಳನ್ನು: ಮೂರು ರೂಟು, 34 ಸಂಘ, ದಿನಕ್ಕೆ ಎರಡು ಸುತ್ತು. ಪ್ರತಿ ನಿಲುಗಡೆಗೂ ಗೊತ್ತಾದ ಸಮಯವಿದ್ದು, ತುಂಬಿದ್ದನ್ನು ಎತ್ತಿ ಖಾಲಿಯದನ್ನು ಇಳಿಸುವ ಈ ಕೆಲಸ ತಮ್ಮ ಹನ್ನೆರಡು ಪೂರೈಕೆದಾರರ ಮಿಲ್ಕ್ ರನ್‌ಗೆ ಹತ್ತಿರದ್ದೆಂದು ತಿಳಿದು ಬರೆಯುತ್ತಿದ್ದೇನೆ.
>
> ಒಂದು ರೂಟಿನ ಗಾಡಿ ತಿಂಗಳಿಗೆ ಒಂಬತ್ತು ದಿನ ತಡವಾಗಿ ತಲುಪುತ್ತಿತ್ತು. ಹದಿನಾಲ್ಕು ದಿನ ಪ್ರತಿ ನಿಲುಗಡೆಯ ಸಮಯ ಬರೆದು ನೋಡಿದಾಗ, 35 ನಿಮಿಷಗಳ ತಡದಲ್ಲಿ 24 ನಿಮಿಷ ಎರಡು ಕಡೆ ಕಾಯುವುದರಿಂದ ಆಗುತ್ತಿದೆ ಎಂದು ತಿಳಿಯಿತು. ಒಂದು ಕಡೆ ಕೆಲಸ ಶುರುಮಾಡುವ ಹೊತ್ತನ್ನು, ಇನ್ನೊಂದರ ಸರದಿಯನ್ನು ಬದಲಿಸಿದ ಮೇಲೆ ತಡ ಎರಡು ದಿನಕ್ಕೆ ಇಳಿಯಿತು. ಸುತ್ತುತ್ತಿದ್ದ 260 ಕ್ಯಾನುಗಳಲ್ಲಿ ತಿಂಗಳಿಗೆ ಆರೇಳು ಕಳೆಯುತ್ತಿದ್ದವು. ಸಂಖ್ಯೆ ಬರೆಸಿ, ಖಾಲಿ ಇಳಿಸಿದ್ದಕ್ಕೂ ಸಹಿ ಪಡೆಯುವ ಕ್ರಮ ತಂದ ಮೇಲೆ ಅದು ಒಂದಾಯಿತು. ತಮ್ಮ ಹಿಂತಿರುಗುವ ಪೆಟ್ಟಿಗೆಗಳ ಲೆಕ್ಕಕ್ಕೂ ನಾನು ಇದೇ ರೀತಿ ಎತ್ತುವ ಸ್ಥಳದಿಂದಲೇ ತೊಡಗುವೆ.
>
> ಎರಡು ವಿಷಯಗಳಲ್ಲಿ ತಮ್ಮ ಕೆಲಸ ಬೇರೆ ಎಂಬುದು ನನಗೆ ಗೊತ್ತಿದೆ. ನಾವು ಬಂದಷ್ಟನ್ನೂ ಎತ್ತುತ್ತೇವೆ, ತಾವು ಲೈನ್ ಕೇಳಿದಷ್ಟನ್ನು ಎತ್ತುತ್ತೀರಿ. ಹಾಲಿಗೆ ಇ-ವೇ ಬಿಲ್ ಇಲ್ಲದ ಕಾರಣ ಆ ಕೆಲಸ ನನ್ನ ಹುದ್ದೆಯಲ್ಲಿ ಇರಲಿಲ್ಲ. ಬಿಲ್ ಸಿದ್ಧಪಡಿಸುವುದನ್ನೂ ದಾರಿಯಲ್ಲಿ ವಾಹನ ಬದಲಾದರೆ ಅದನ್ನು ತಿದ್ದುವುದನ್ನೂ ಸಾಗಾಟದ ಕಚೇರಿಯೊಂದರಲ್ಲಿ ನೋಡಿ ಕಲಿತಿದ್ದೇನೆ. ತಮ್ಮ ಸ್ವೀಕೃತಿ ತಂತ್ರಾಂಶವನ್ನು ಬಳಸಿಲ್ಲ. ದಿನನಿತ್ಯದ ರೂಟು ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುತ್ತೇನೆ.
>
> ನನ್ನ ನೋಟಿಸ್ ಅವಧಿ ಒಂದು ತಿಂಗಳು. ಹದಿನಾಲ್ಕು ದಿನಗಳ ಸಮಯದ ಹಾಳೆಯನ್ನು, ಸಂಘಗಳ ಹೆಸರು ತೆಗೆದು, ಭೇಟಿಯ ವೇಳೆ ತೋರಿಸಬಲ್ಲೆ.
>
> ತಮ್ಮ ವಿಶ್ವಾಸಿ

ಇದರಲ್ಲಿ ‘ಅವಕಾಶ ಕೊಡಿ’ ಎಂಬ ಬೇಡಿಕೆ ಇಲ್ಲ. ಹಳೆಯ ಕೆಲಸ ಏಕೆ ಬಿಡುತ್ತಿದ್ದೇನೆ ಎಂಬ ದೂರೂ ಇಲ್ಲ. ಕೇಳಿದರೆ ಒಂದು ವಾಕ್ಯದಲ್ಲಿ ಹೇಳಿದರಾಯಿತು. ಕೊಬ್ಬಿನಂಶ, ಸಂಘದ ಆಡಳಿತ ಮಂಡಳಿ, ಶೀತಲೀಕರಣ ಮುಂತಾಗಿ ಕಾರ್ಖಾನೆಯವನು ನಿಂತು ಯೋಚಿಸಬೇಕಾದ ಪದಗಳೂ ಇಲ್ಲ. ಹಾಗೆಂದು ‘ಹಾಲು’ ಎಂಬುದನ್ನು ಮುಚ್ಚಿಟ್ಟಿಲ್ಲ. ಕೆಲವರು ಹಳೆಯ ಉದ್ಯಮವನ್ನು ಮರೆಮಾಡಲು ತಮ್ಮ ಹುದ್ದೆಗೆ ‘ಪೂರೈಕೆ ಸರಪಳಿ ಪರಿಣತ’ ಎಂದು ಹೊಸ ಹೆಸರಿಟ್ಟುಕೊಳ್ಳುತ್ತಾರೆ. ಬಯೋಡಾಟಾದಲ್ಲಿ, ಅನುಭವ ಪತ್ರದಲ್ಲಿ ಬೇರೆ ಹೆಸರು ಕಂಡ ಕೂಡಲೇ ಅನುಮಾನ ಹುಟ್ಟುತ್ತದೆ.

ಕಳಿಸುವ ಮೊದಲು ಎರಡು ಪರೀಕ್ಷೆ

ಪತ್ರವನ್ನು ಹಳೆಯ ಉದ್ಯಮದ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಡಿ. ‘ಇದನ್ನು ನಾನೂ ಬರೆಯಬಹುದಿತ್ತಲ್ಲ’ ಎಂದರೆ ನಿಮ್ಮ ಘಟನೆ ಇನ್ನೂ ಪತ್ರಕ್ಕೆ ಬಂದಿಲ್ಲ. ಆಮೇಲೆ ಹೊಸ ಉದ್ಯಮದಲ್ಲಿರುವ ಯಾರಿಗಾದರೂ, ಸೂಪರ್‌ವೈಸರೇ ಆಗಬೇಕೆಂದಿಲ್ಲ, ಲಾರಿ ಚಾಲಕರಾದರೂ ಸರಿ, ಎರಡನೆಯ ಪ್ಯಾರಾ ಮಾತ್ರ ಓದಿ ಹೇಳಿ. ಎಲ್ಲಿ ‘ಹಾಗಂದ್ರೆ?’ ಎಂದು ತಡೆಯುತ್ತಾರೋ ಆ ಪದ ಹಳೆಯ ಉದ್ಯಮದ್ದು, ಅದನ್ನು ಬದಲಿಸಿ. ನಮ್ಮ ಕರಡಿನಲ್ಲಿ ಮೊದಲು ‘ಬಿಎಂಸಿ’ ಎಂದಿತ್ತು. ಹಾಲಿನವರಿಗೆ ಅದು ಹಾಲು ತಣಿಸುವ ದೊಡ್ಡ ತೊಟ್ಟಿ, ಓದಿದ ಚಾಲಕರಿಗೆ ಏನೆಂದೇ ತಿಳಿಯಲಿಲ್ಲ.

ಇಮೇಲಿನಲ್ಲಿ ಕಳಿಸುವಾಗ ಪತ್ರವನ್ನು ಇಮೇಲಿನ ಒಡಲಲ್ಲೇ ಹಾಕಿ, ಬಯೋಡಾಟಾವನ್ನು ಪಿಡಿಎಫ್ ಆಗಿ ಲಗತ್ತಿಸುವುದು ಮೇಲು. ಎರಡೂ ಲಗತ್ತಾಗಿದ್ದರೆ ಅವಸರದಲ್ಲಿರುವವರು ಬಯೋಡಾಟಾ ಒಂದನ್ನೇ ತೆರೆಯುತ್ತಾರೆ, ಮತ್ತು ಉದ್ಯಮ ಬದಲಿಸುವವರ ಬಯೋಡಾಟಾ ಒಂಟಿಯಾಗಿ ನಿಂತರೆ ಅದು ಹಾಲಿನವನ ಬಯೋಡಾಟಾ ಅಷ್ಟೇ. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರನ್ನು ಜಾಹೀರಾತಿನಲ್ಲಿ ಇದ್ದಂತೆಯೇ ಬರೆಯಬೇಕು.

ಪತ್ರ ಕೆಲಸ ಮಾಡಿತೋ ಇಲ್ಲವೋ ಎಂಬುದು ಮೊದಲ ಫೋನಿನಲ್ಲೇ ತಿಳಿಯುತ್ತದೆ. ‘ಹಾಲಿನ ಕೆಲಸ ಬಿಟ್ಟು ಇಲ್ಲಿಗೇಕೆ’ ಎಂದು ಶುರುಮಾಡಿದರೆ ಎರಡನೆಯ ಪ್ಯಾರಾ ಅವರಿಗೆ ಮುಟ್ಟಿಲ್ಲ; ಮುಂದಿನ ಅರ್ಜಿಗೆ ಮೊದಲು ಅದನ್ನೇ ತಿದ್ದಬೇಕು. ನಮ್ಮವರಿಗೆ ಬಂದ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ಕಾಯುವ ಹೊತ್ತನ್ನೂ ತುಂಬುವ ಹೊತ್ತನ್ನೂ ಹಾಳೆಯಲ್ಲಿ ಬೇರೆ ಬೇರೆಯಾಗಿ ಬರೆದಿದ್ದಿರಾ ಎಂಬುದು.